ಮೊದಲ ಮೂರು ನಿಮಿಷ: ಆತಂಕದ ಮನಸ್ಸು ಧ್ಯಾನಕ್ಕೆ ಕೂತಾಗ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಧ್ಯಾನದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ವಿಷಯವನ್ನು ಬಹಳ ಚಿಕ್ಕದು ಮಾಡಿಕೊಳ್ಳಲು ಅನುಮತಿ ಪಡೆದೆ. ಧ್ಯಾನದ ತತ್ತ್ವವನ್ನೂ ಪರಂಪರೆಯನ್ನೂ ಬಲ್ಲವರು ಈ ಸಭೆಯಲ್ಲೇ ಇದ್ದಾರೆ. ನಾನು ಮನಶ್ಶಾಸ್ತ್ರ ಓದಿ ಆತಂಕದ ಕಾಯಿಲೆ ಇರುವವರ ಜೊತೆ ಕೆಲಸ ಮಾಡುತ್ತಾ ಬಂದವಳು. ಅವರಲ್ಲಿ ಅನೇಕರು ಯಾರೋ ಹೇಳಿದರೆಂದು ಧ್ಯಾನಕ್ಕೆ ಕೂತು, ಕೆಲವೇ ನಿಮಿಷಗಳಲ್ಲಿ ಹೆದರಿ ಎದ್ದು, ಮತ್ತೆ ಆ ಕಡೆ ತಲೆ ಹಾಕದವರು. ಆ ಕೆಲವು ನಿಮಿಷಗಳಲ್ಲಿ ಏನಾಗುತ್ತದೆ, ಅದನ್ನು ದಾಟುವುದು ಹೇಗೆ ಎಂಬುದಷ್ಟೇ ಇವತ್ತಿನ ಮಾತು.

ಒಬ್ಬ ಹೆಣ್ಣುಮಗಳ ವಿಷಯದಿಂದ ಶುರು ಮಾಡುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮೂವತ್ತು ದಾಟಿದ ವಯಸ್ಸು, ಸಹಕಾರಿ ಬ್ಯಾಂಕೊಂದರಲ್ಲಿ ನಗದು ಕೌಂಟರಿನ ಕೆಲಸ. ವರ್ಷದಿಂದ ಇದ್ದಕ್ಕಿದ್ದಂತೆ ಎದೆ ಡವಡವ ಎನ್ನುವುದು, ಕೈ ಬೆವರುವುದು, ರಾತ್ರಿ ಎರಡು ಗಂಟೆಗೆ ಎಚ್ಚರವಾಗುವುದು. ಇಸಿಜಿ ಸರಿಯಿತ್ತು, ಥೈರಾಯ್ಡ್ ಸರಿಯಿತ್ತು. ಮನೋವೈದ್ಯರು ಆತಂಕದ ಕಾಯಿಲೆ ಎಂದು ಗುರುತಿಸಿ ಮಾತ್ರೆ ಕೊಟ್ಟಿದ್ದರು. ಅದರ ಜೊತೆಗೆ ಆಕೆ ತಾನಾಗಿ ಮೊಬೈಲಿನಲ್ಲಿ ಒಂದು ಧ್ಯಾನದ ಆಡಿಯೊ ಹುಡುಕಿ, ಕಣ್ಣು ಮುಚ್ಚಿ, ಇಪ್ಪತ್ತು ನಿಮಿಷ ಉಸಿರನ್ನು ಗಮನಿಸಲು ಕೂತರು. ನಾಲ್ಕೈದು ನಿಮಿಷಕ್ಕೆ ಉಸಿರು ಸಾಲುತ್ತಿಲ್ಲ ಅನಿಸಿತು. ಇನ್ನಷ್ಟು ಆಳವಾಗಿ ಎಳೆದುಕೊಂಡರು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆಂದಿತು. ತಲೆ ಹಗುರಾಯಿತು. ಎದೆ ಹೊಡೆದುಕೊಳ್ಳತೊಡಗಿತು. ಎದ್ದು ಹೊರಗೆ ಓಡಿದರು. ನನ್ನ ಹತ್ತಿರ ಬಂದಾಗ ಹೇಳಿದ ಮೊದಲ ಮಾತು, “ಮೇಡಂ, ಧ್ಯಾನ ಎಲ್ಲರಿಗೂ ಆಗತ್ತಂತೆ, ನನಗೇ ಆಗಿಬರಲ್ಲ.”

ಆಕೆಗೆ ಆಗಿದ್ದಕ್ಕೆ ಸ್ಪಷ್ಟವಾದ ಶರೀರಶಾಸ್ತ್ರದ ಕಾರಣವಿದೆ. ಹೃದಯ, ಕರುಳು ತಮ್ಮ ಪಾಡಿಗೆ ತಾವು ನಡೆಯುತ್ತವೆ, ನಾವು ಹೇಳಿದಂತೆ ಕೇಳುವುದಿಲ್ಲ. ಉಸಿರು ಹಾಗಲ್ಲ. ಮರೆತಿದ್ದರೆ ತಾನಾಗಿ ನಡೆಯುತ್ತದೆ, ಗಮನ ಕೊಟ್ಟರೆ ನಮ್ಮ ಹಿಡಿತಕ್ಕೂ ಬರುತ್ತದೆ. ಆತಂಕ ಇಲ್ಲದವರು ಉಸಿರನ್ನು ನೋಡುತ್ತಾ ಕೂತರೂ ಅದು ಬಹುಮಟ್ಟಿಗೆ ತಾನಾಗಿಯೇ ನಡೆಯುತ್ತಿರುತ್ತದೆ. ಆತಂಕದವರಿಗೆ ಮೊದಲೇ ತಮ್ಮ ಮೈಯನ್ನು ಕಾವಲು ಕಾಯುವ ಅಭ್ಯಾಸ. ಎದೆ ಬಡಿತ ಹೆಚ್ಚಾಯಿತೇ, ಉಸಿರು ಗಿಡ್ಡವಾಯಿತೇ ಎಂದು ಇಡೀ ದಿನ ಪರೀಕ್ಷಿಸುತ್ತಲೇ ಇರುತ್ತಾರೆ. ಅಂಥವರಿಗೆ ಉಸಿರನ್ನು ನೋಡು ಎಂದರೆ ಅವರು ನೋಡುವುದಿಲ್ಲ, ಸರಿಪಡಿಸಲು ಹೊರಡುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದರೆ ಮಿದುಳಿನ ರಕ್ತನಾಳಗಳು ಸ್ವಲ್ಪ ಕಿರಿದಾಗಿ ತಲೆ ಹಗುರಾಗುತ್ತದೆ, ಬೆರಳು ತುಟಿ ಜುಮ್ಮೆನ್ನುತ್ತವೆ. ವಿಚಿತ್ರವೆಂದರೆ ಇದೆಲ್ಲ ಗಾಳಿ ಸಾಲದಂತೆಯೇ ಭಾಸವಾಗುತ್ತದೆ. ಆದ್ದರಿಂದ ಮನುಷ್ಯ ಇನ್ನೂ ಜೋರಾಗಿ ಎಳೆದುಕೊಳ್ಳುತ್ತಾನೆ, ಲಕ್ಷಣಗಳು ಇನ್ನೂ ಹೆಚ್ಚುತ್ತವೆ.

ಉಸಿರು ಸರಿಪಡಿಸುವಿಕೆಗೆ ತಿರುಗಿದೆ ಎಂದು ತಿಳಿಯಲು ಕೆಲವು ಗುರುತುಗಳಿವೆ. ಪದೇ ಪದೇ ನಿಟ್ಟುಸಿರು ಬರುತ್ತದೆ, ಆಕಳಿಕೆ ಬರುತ್ತದೆ, ಪ್ರತಿ ಸಲ ಉಸಿರು ತೆಗೆದುಕೊಂಡಾಗಲೂ ಭುಜ ಮೇಲೇಳುತ್ತದೆ. ಈ ಮೂರರಲ್ಲಿ ಒಂದು ಕಂಡರೂ ಸಾಕು, ಆ ದಿನ ಉಸಿರನ್ನು ಗಮನಿಸುವುದನ್ನು ಬಿಟ್ಟುಬಿಡಬೇಕು. ಪ್ರಾಣಾಯಾಮ ಗೊತ್ತಿರುವವರು ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಪೂರಕ, ರೇಚಕ, ಕುಂಭಕಗಳಲ್ಲಿ ಉಸಿರನ್ನು ಬೇಕೆಂದೇ ಅಳತೆಗೆ ತರುತ್ತೇವೆ. ಮೈಂಡ್‌ಫುಲ್‌ನೆಸ್ ಅಭ್ಯಾಸದಲ್ಲಿ ಉಸಿರು ಹೇಗಿದೆಯೋ ಹಾಗೆ ಇರಲಿ ಎಂದು ಬಿಡುತ್ತೇವೆ. ಎರಡನ್ನೂ ಒಂದೇ ಸಲ ಮಾಡಲು ಹೊರಟರೆ ಗೊಂದಲ ಖಚಿತ.

ಮೈಂಡ್‌ಫುಲ್‌ನೆಸ್ ಅಭ್ಯಾಸ ಇವತ್ತಿನ ರೂಪದಲ್ಲಿ ಆಸ್ಪತ್ರೆಗೆ ಬಂದದ್ದು 1979ರಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಈಗ ಎಂಟು ವಾರ ನಡೆಯುವ ಒಂದು ತರಬೇತಿಯನ್ನು ಶುರು ಮಾಡಿದರು. ಅದರ ಬೇರು ಬೌದ್ಧರ ಧ್ಯಾನ ಪರಂಪರೆಗಳಲ್ಲಿದೆ. ಧರ್ಮದ ಚೌಕಟ್ಟಿನಿಂದ ಹೊರಗೆ ತಂದು, ವರ್ಷಗಟ್ಟಲೆ ನೋವು ಅನುಭವಿಸುತ್ತಿದ್ದ ರೋಗಿಗಳಿಗೆ ಅವರು ಕಲಿಸಿದರು. ಅದಕ್ಕೆ ಸೇರಿದವರು ಮನೆಯಲ್ಲಿ ದಿನಕ್ಕೆ ಸುಮಾರು 45 ನಿಮಿಷ ಅಭ್ಯಾಸ ಮಾಡಬೇಕು. ವಾರಕ್ಕೊಮ್ಮೆ ತರಗತಿ ಇರುತ್ತದೆ, ಕಷ್ಟ ಬಂದರೆ ಕೇಳಲು ಗುರು ಇರುತ್ತಾರೆ. ನಮ್ಮಲ್ಲಿ ಮೊಬೈಲು ನೋಡಿ ಒಬ್ಬರೇ ಕೂರುವವರು ಆ 45 ನಿಮಿಷವನ್ನೋ ಅದರ ಅರ್ಧವನ್ನೋ ಮೊದಲ ದಿನವೇ ಮೈಮೇಲೆ ಹಾಕಿಕೊಳ್ಳುತ್ತಾರೆ, ಗುರುವನ್ನು ಮಾತ್ರ ಬಿಟ್ಟುಬಿಡುತ್ತಾರೆ. ಒಬ್ಬರೇ ಮಾಡುವ ಆತಂಕದವರು ಮೂರು ನಿಮಿಷಕ್ಕಿಂತ ಹೆಚ್ಚು ಸಮಯದಿಂದ ಶುರು ಮಾಡಬಾರದು ಎಂಬುದು ನನ್ನ ಅಭಿಪ್ರಾಯ.

ಆ ಹೆಣ್ಣುಮಗಳು ಮಾಡಿದ್ದನ್ನೇ ಹೇಳುತ್ತೇನೆ. ಮಕ್ಕಳು ಶಾಲೆಗೆ ಹೋದ ಮೇಲೆ, ಬ್ಯಾಂಕಿಗೆ ಹೊರಡುವ ಮುಂಚೆ, ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವುದು. ಪದ್ಮಾಸನ ಬೇಡ, ನೆಲದ ಮೇಲೆ ಕೂರುವುದೂ ಬೇಡ. ಬೆನ್ನು ಕುರ್ಚಿಗೆ ಒರಗಿರಲಿ. ಬರಿಗಾಲು ನೆಲಕ್ಕೆ ಪೂರ್ತಿ ತಾಗಿರಲಿ. ಕಣ್ಣು ಮುಚ್ಚುವುದು ಬೇಡ, ನಾಲ್ಕಡಿ ದೂರದ ನೆಲದ ಮೇಲೆ ದೃಷ್ಟಿ ಸಡಿಲವಾಗಿ ನಿಂತಿರಲಿ. ಆತಂಕದವರಿಗೆ ಕಣ್ಣು ಮುಚ್ಚಿದ ಕೂಡಲೇ ಹೊರಗಿನ ಪ್ರಪಂಚ ಮರೆಯಾಗಿ ಒಳಗಿನ ಸದ್ದೇ ಜೋರಾಗುತ್ತದೆ, ಅದಕ್ಕೆ ಈ ಎಚ್ಚರಿಕೆ. ಮೊಬೈಲಿನಲ್ಲಿ ಮೂರು ನಿಮಿಷದ ಟೈಮರ್ ಇಟ್ಟು, ಮೊಬೈಲನ್ನು ಕೈಗೆ ಎಟುಕದ ಕಡೆ ಮಗುಚಿಡುವುದು. ಎಷ್ಟು ಹೊತ್ತಾಯಿತು ಎಂದು ನೋಡುವ ಕೆಲಸ ಇನ್ನು ನಮ್ಮದಲ್ಲ.

ಗಮನ ಇಡಬೇಕಾದ ಜಾಗ ಅಂಗಾಲು. ಆಕೆಯ ಮನೆಯದು ಹಳೆಯ ಕೆಂಪು ಗಾರೆ ನೆಲ, ಬೆಳಗಿನ ಹೊತ್ತು ತಣ್ಣಗಿರುತ್ತದೆ. ಹಿಮ್ಮಡಿಗೆ ಎಷ್ಟು ತಂಪು, ಹೆಬ್ಬೆರಳಿನ ಕೆಳಗೆ ಎಷ್ಟು, ನೆಲಕ್ಕೆ ತಾಗದ ಕಮಾನಿನಲ್ಲಿ ಏನನ್ನಿಸುತ್ತದೆ ಎಂದು ಮೆಲ್ಲಗೆ ನೋಡುವುದು. ಪಾದವನ್ನು ಕಲ್ಪಿಸಿಕೊಳ್ಳಬಾರದು, ಅಲ್ಲಿಂದ ಬರುವ ಸ್ಪರ್ಶವನ್ನೇ ಗುರುತಿಸಬೇಕು. ಏನೂ ಗೊತ್ತಾಗದಿದ್ದರೆ ಬೆರಳುಗಳನ್ನು ಒಮ್ಮೆ ಒತ್ತಿ ಬಿಡಬಹುದು. ಅಂಗಾಲನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸರಳ. ಅದು ಎದೆಯಿಂದ, ಗಂಟಲಿನಿಂದ, ಹೊಟ್ಟೆಯಿಂದ ದೂರ ಇದೆ. ಆತಂಕ ಹೆಚ್ಚಾಗಿ ಕಾಣಿಸಿಕೊಳ್ಳುವುದು ಆ ಮೂರು ಕಡೆ. ಪಾದವನ್ನು ಸರಿಪಡಿಸಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ಕೆಲವರಿಗೆ ಪಾದವೂ ಹಿಡಿಸುವುದಿಲ್ಲ. ಅವರು ಸುತ್ತಲಿನ ಸದ್ದನ್ನು ಹಿಡಿದುಕೊಳ್ಳಬಹುದು, ಪಕ್ಕದ ಮನೆಯ ಮಿಕ್ಸಿ, ದೂರದ ಬಸ್ಸು, ಫ್ಯಾನು. ಸದ್ದು ಬಂದಾಗ ಕೇಳಿಸಿಕೊಳ್ಳುವುದು, ಹೋದಾಗ ಬಿಡುವುದು, ಇನ್ನೊಂದಕ್ಕಾಗಿ ಹುಡುಕಾಡದೆ ಇರುವುದು.

ಮೊದಲ ವಾರದ ಕೊನೆಗೆ ಆಕೆ ಬಂದು ಹೇಳಿದರು, “ಮೂರು ನಿಮಿಷದಲ್ಲಿ ಒಂದು ನಿಮಿಷವೂ ನಿಲ್ಲಲ್ಲ ಮೇಡಂ. ಪಾದ ಅಂತ ಶುರು ಮಾಡಿದರೆ ನಿನ್ನೆಯ ಕ್ಯಾಶ್ ಲೆಕ್ಕಕ್ಕೆ ಹೋಗಿರ್ತೀನಿ.”

“ಹೋಗಿದೀನಿ ಅಂತ ಎಷ್ಟು ಸಲ ಗೊತ್ತಾಯ್ತು?”

“ಆರೇಳು ಸಲ ಇರಬಹುದು.”

“ಹಾಗಾದರೆ ಆರೇಳು ಸಲ ಅಭ್ಯಾಸ ಮಾಡಿದ್ದೀರಿ.”

ಆಕೆಗೆ ಇದು ಸಮಾಧಾನಕ್ಕೆ ಹೇಳಿದ ಮಾತು ಅನಿಸಿತು. ಅಲ್ಲ, ಇದು ಅಕ್ಷರಶಃ ಸತ್ಯ. ಅಮೆರಿಕದ ಎಮರಿ ವಿಶ್ವವಿದ್ಯಾಲಯದಲ್ಲಿ ವೆಂಡಿ ಹ್ಯಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಧ್ಯಾನದ ರೂಢಿ ಇದ್ದ 14 ಮಂದಿಯನ್ನು ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ, ಉಸಿರಿನ ಮೇಲೆ ಗಮನವಿಡಿ, ಮನಸ್ಸು ಬೇರೆಡೆ ಹೋಗಿದೆ ಎಂದು ಅರಿವಾದ ಕ್ಷಣ ಗುಂಡಿ ಒತ್ತಿ ಎಂದು ಹೇಳಿದರು. ರೂಢಿ ಇದ್ದವರೂ ಮತ್ತೆ ಮತ್ತೆ ಗುಂಡಿ ಒತ್ತಿದರು. ಸಂಶೋಧಕರು ಇಡೀ ಕ್ರಿಯೆಯನ್ನು ನಾಲ್ಕು ಹಂತದ ಒಂದು ಸುತ್ತಾಗಿ ನೋಡಿದರು: ಮನಸ್ಸು ಅಲೆಯುವುದು, ಅಲೆದದ್ದು ಅರಿವಾಗುವುದು, ಗಮನ ತಿರುಗುವುದು, ಸ್ವಲ್ಪ ಹೊತ್ತು ನಿಲ್ಲುವುದು. ಒಂದೊಂದು ಹಂತದಲ್ಲೂ ಮಿದುಳಿನ ಬೇರೆ ಬೇರೆ ಜಾಲಗಳು ಹೆಚ್ಚು ಚುರುಕಾಗಿದ್ದವು. ಹಾಗೆ ನೋಡಿದರೆ ಅಲೆದಾಟವಿಲ್ಲದೆ ಈ ಸುತ್ತು ಪೂರ್ತಿಯಾಗುವುದೇ ಇಲ್ಲ. ಎರಡನೆಯ ಹಂತವನ್ನು, ಅಂದರೆ ಅರಿವಾಗುವ ಕ್ಷಣವನ್ನು ನಾವು ಬೇಕೆಂದು ತರಿಸಲಾರೆವು, ಅದು ತಾನಾಗಿ ಬರುತ್ತದೆ. ಬಂದ ಮೇಲೆ ಏನು ಮಾಡುತ್ತೇವೆ ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಆತಂಕದವರು ಸಾಮಾನ್ಯವಾಗಿ ಆ ಕ್ಷಣದಲ್ಲಿ ತಮ್ಮನ್ನು ಬೈದುಕೊಳ್ಳುತ್ತಾರೆ. “ಥೂ, ಮತ್ತೆ ಹೋಯ್ತು” ಎಂದು ಗಮನವನ್ನು ಎಳೆದು ಪಾದಕ್ಕೆ ತರುತ್ತಾರೆ. ಹಾಗೆ ತಂದ ಗಮನ ನಿಲ್ಲುವುದಿಲ್ಲ, ಏಕೆಂದರೆ ಬೈಗುಳವೇ ಮುಂದಿನ ಯೋಚನೆಯಾಗುತ್ತದೆ: ನನಗೆ ಇಷ್ಟೂ ಆಗಲ್ಲವಲ್ಲ, ಇನ್ನು ಮಕ್ಕಳನ್ನು ಹೇಗೆ ನೋಡಿಕೊಳ್ಳಲಿ, ಹೀಗೆ. ಬೈದುಕೊಂಡದ್ದು ಕೆಲವೊಮ್ಮೆ ಮಾತಾಗಿ ಗೊತ್ತಾಗುವುದಿಲ್ಲ, ದವಡೆಯಲ್ಲಿ ಗೊತ್ತಾಗುತ್ತದೆ. ಹಲ್ಲು ಕಚ್ಚಿರುತ್ತದೆ, ನಾಲಿಗೆ ಅಂಗುಳಿಗೆ ಒತ್ತಿರುತ್ತದೆ. ಆದ್ದರಿಂದ ನಾನು ಹೇಳಿಕೊಡುವ ಕ್ರಮ ಹೀಗಿದೆ. ಅರಿವಾದ ಕೂಡಲೇ ಪಾದಕ್ಕೆ ಓಡಬೇಡಿ. ಮೊದಲು ಮನಸ್ಸು ಹೋಗಿದ್ದ ಜಾಗಕ್ಕೆ ಒಂದೇ ಪದದ ಹೆಸರು ಕೊಡಿ. ಲೆಕ್ಕ. ಚಿಂತೆ. ಜಗಳ. ನೆನಪು. ಆಮೇಲೆ ದವಡೆ ಸಡಿಲ ಬಿಡಿ. ಒಂದು ಉಸಿರಿನಷ್ಟು ಹೊತ್ತು ಹಾಗೇ ಇರಿ. ಅನಂತರ ಅಂಗಾಲು.

ಹೆಸರು ಕೊಡುವ ಈ ರೂಢಿಯನ್ನು ಬರ್ಮಾದ ಭಿಕ್ಷು ಮಹಾಸಿ ಸಯಾದೋ ಅವರ ಪರಂಪರೆ ವ್ಯಾಪಕವಾಗಿ ಕಲಿಸಿತು. ಹೆಸರು ಚಿಕ್ಕದಿರಬೇಕು, ಯೋಚನೆಯ ವಿವರಕ್ಕೆ ಹೋಗಬಾರದು. “ಶುಕ್ರವಾರ ಐನೂರರ ಕಟ್ಟು ಎಣಿಸಿದ್ದು ಸರಿಯಿತ್ತೋ ಇಲ್ಲವೋ ಎಂಬ ಚಿಂತೆ” ಎಂದು ಹೆಸರಿಟ್ಟರೆ ಆ ಕಟ್ಟನ್ನು ಮತ್ತೊಮ್ಮೆ ಎಣಿಸಲು ಹೊರಟಂತೆಯೇ. ಯೋಚನೆಯನ್ನು ತಡೆದೂ ಉಪಯೋಗವಿಲ್ಲ. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ವಿದ್ಯಾರ್ಥಿಗಳಿಗೆ ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಒತ್ತಿ ಎಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ನೆನೆಯಿರಿ ಎಂದಾಗ, ಮೊದಲಿನಿಂದಲೂ ಕರಡಿಯನ್ನು ನೆನೆಯಲು ಬಿಟ್ಟಿದ್ದವರಿಗಿಂತ ಹೆಚ್ಚು ಸಲ ಈ ತಡೆದಿದ್ದವರಿಗೆ ಕರಡಿ ನೆನಪಾಯಿತು.

ಇಲ್ಲಿ ಆತಂಕದವರಿಗೆ ಮಾತ್ರ ಇರುವ ಒಂದು ತೊಡಕನ್ನು ಹೇಳಬೇಕು. ಉಳಿದವರ ಮನಸ್ಸು ಅಲೆಯುವಾಗ ಸಿನಿಮಾಕ್ಕೋ ಊಟಕ್ಕೋ ಹೋಗುತ್ತದೆ, ಬಿಟ್ಟು ಬರುವುದು ಕಷ್ಟವಲ್ಲ. ಆತಂಕದ ಚಿಂತೆ ತುರ್ತು ಕೆಲಸದ ವೇಷದಲ್ಲಿ ಬರುತ್ತದೆ. ಈಗಲೇ ಯೋಚಿಸದಿದ್ದರೆ ಅನಾಹುತ ಎನ್ನುತ್ತದೆ. ಅದನ್ನು ಬಿಟ್ಟು ಪಾದ ನೋಡುತ್ತಾ ಕೂರುವುದು ಬೇಜವಾಬ್ದಾರಿ ಎನಿಸುತ್ತದೆ. ಇದಕ್ಕೆ ಪೆನ್‌ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲಿ ವಿವರಿಸಿದ ಉಪಾಯ ಚೆನ್ನಾಗಿ ಒದಗುತ್ತದೆ. ಚಿಂತೆಗೆಂದೇ ದಿನದಲ್ಲಿ ಅರ್ಧ ಗಂಟೆ, ಒಂದೇ ಹೊತ್ತು, ಒಂದೇ ಜಾಗ ಗೊತ್ತು ಮಾಡುವುದು. ಮಿಕ್ಕ ಹೊತ್ತು ಬಂದ ಚಿಂತೆಯನ್ನು ಆ ಹೊತ್ತಿಗೆ ಮುಂದೂಡುವುದು. ಆಕೆ ಸಂಜೆ ಆರೂವರೆಗೆ ವರಾಂಡದ ಕುರ್ಚಿಯಲ್ಲಿ ಎಂದು ಇಟ್ಟುಕೊಂಡರು. ಬೆಳಗಿನ ಮೂರು ನಿಮಿಷದಲ್ಲಿ ಕ್ಯಾಶ್ ಲೆಕ್ಕದ ಚಿಂತೆ ಬಂದರೆ, “ಚಿಂತೆ, ಆರೂವರೆಗೆ” ಎಂದು ಪಾದಕ್ಕೆ ಮರಳುವುದು. ಸಂಜೆ ನಿಜವಾಗಿ ಕೂತು, ಚೀಟಿಯಲ್ಲಿ ಬರೆದು ಯೋಚಿಸುವುದು. ಸಂಜೆಯ ಆ ಹೊತ್ತನ್ನು ತಪ್ಪಿಸಿದರೆ ಮರುದಿನ ಬೆಳಗ್ಗೆ ಚಿಂತೆ ಮುಂದೂಡಿಕೆಗೆ ಒಪ್ಪುವುದಿಲ್ಲ ಎಂದು ಆಕೆಯೇ ಕಂಡುಕೊಂಡರು.

ಎರಡನೆಯ ವಾರ ಇನ್ನೊಂದು ತೊಂದರೆ ಬಂತು, ಅದು ಬಹಳ ಜನರಿಗೆ ಬರುತ್ತದೆ. ಅಭ್ಯಾಸ ಮುಗಿದ ಕೂಡಲೇ ಆಕೆ ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದರು. ಕಡಿಮೆಯಾಗಿದ್ದರೆ ಸಂತೋಷ, ಆಗದಿದ್ದರೆ ದಿನವೆಲ್ಲ ಕಳವಳ. ಹೀಗಾದರೆ ಧ್ಯಾನವೂ ಮೈಯನ್ನು ಕಾಯುವ ಇನ್ನೊಂದು ಉಪಾಯವಾಗಿಬಿಡುತ್ತದೆ, ಆತಂಕಕ್ಕೆ ಮೇವು ಸಿಕ್ಕಂತಾಗುತ್ತದೆ. ಕೂತಿರುವಾಗಲೇ ಒಳಗೆ “ಕಡಿಮೆ ಆಯ್ತಾ?” ಎಂಬ ಪ್ರಶ್ನೆ ಏಳುತ್ತಿದ್ದರೆ ಅದೂ ಒಂದು ಯೋಚನೆ, ಅದಕ್ಕೂ ಹೆಸರಿದೆ: ಪರೀಕ್ಷೆ. ಹೆಸರು ಹೇಳಿ ಪಾದಕ್ಕೆ ಬರುವುದು. ನಾಡಿ ನೋಡುವುದನ್ನು ನಾನು ಪೂರ್ತಿ ಬಿಡಿಸಿದೆ. ಅದರ ಬದಲು ಕ್ಯಾಲೆಂಡರಿನಲ್ಲಿ ಕೂತ ದಿನಕ್ಕೊಂದು ಗೀಟು ಹಾಕಿ ಎಂದೆ, ಹೇಗಿತ್ತು ಎಂದು ಬರೆಯುವುದು ಬೇಡ ಎಂದೆ.

ಸಮಯ ಹೆಚ್ಚಿಸುವುದು ಯಾವಾಗ? ಗಂಟೆ ಬಾರಿಸಿದಾಗ ಇನ್ನೂ ಸ್ವಲ್ಪ ಹೊತ್ತು ಕೂರಬಹುದಿತ್ತು ಎಂದು ಹೆಚ್ಚಿನ ದಿನಗಳಲ್ಲಿ ಅನ್ನಿಸತೊಡಗಿದಾಗ. ಆಕೆ ಮೂರನೆಯ ವಾರ ಐದಕ್ಕೆ ಬಂದರು, ಎರಡು ತಿಂಗಳಿಗೆ ಹತ್ತಕ್ಕೆ. ನಡುವೆ ಮಗನಿಗೆ ಜ್ವರ ಬಂದ ವಾರ ಮತ್ತೆ ಮೂರಕ್ಕಿಳಿದರು. ಒಮ್ಮೆಗೆ ಹೆಚ್ಚು ಹೊತ್ತು ಕೂರುವುದಕ್ಕಿಂತ ಮೂರು ನಿಮಿಷವನ್ನು ದಿನಕ್ಕೆರಡು ಸಲ ಮಾಡುವುದು ಶುರುವಿನಲ್ಲಿ ಒಳ್ಳೆಯದೆಂದು ನನ್ನ ಅನುಭವ, ಏಕೆಂದರೆ ಹೆದರಿಕೆ ಬೆಳೆಯಲು ಅಷ್ಟು ಕಾಲಾವಕಾಶ ಸಿಗುವುದಿಲ್ಲ. ಉಸಿರನ್ನು ತಂದದ್ದು ಒಂದೂವರೆ ತಿಂಗಳ ಮೇಲೆ. ಐದು ನಿಮಿಷ ಪಾದ, ಕೊನೆಯಲ್ಲಿ ಹೊಟ್ಟೆಯ ಮೇಲೆ ಅಂಗೈ ಇಟ್ಟು ಮೂರೇ ಉಸಿರು. ಕೈ ಏರುತ್ತದೆ, ಇಳಿಯುತ್ತದೆ, ಅಷ್ಟೇ ನೋಡುವುದು. ನಿಟ್ಟುಸಿರು ಬಂದರೆ ಪಾದಕ್ಕೆ ವಾಪಸ್ಸು. ಕೆಲವರು ಉಸಿರಿನ ಬಳಿಗೆ ಎಂದೂ ಬರುವುದೇ ಇಲ್ಲ, ವರ್ಷಗಟ್ಟಲೆ ಸದ್ದಿನಲ್ಲೋ ನಡಿಗೆಯಲ್ಲೋ ಅಭ್ಯಾಸ ಮುಂದುವರಿಸುತ್ತಾರೆ. ಅದರಿಂದ ಯಾವ ಕೊರತೆಯೂ ಇಲ್ಲ.

ಆಕೆಗೆ ಆದ ಬದಲಾವಣೆ ಒಂದು ದಿನ ಕೌಂಟರಿನಲ್ಲಿ ಗೊತ್ತಾಯಿತು. ತಿಂಗಳ ಮೊದಲ ದಿನಗಳಲ್ಲಿ ಪಿಂಚಣಿಯವರ ಸಾಲು ಬಾಗಿಲಿನ ತನಕ ನಿಂತಿದ್ದಾಗ ಎದೆ ಡವಡವ ಶುರುವಾಯಿತು. ಮೊದಲಾಗಿದ್ದರೆ ಕೌಂಟರ್ ಮುಚ್ಚಿ ಒಳಗೆ ಹೋಗುತ್ತಿದ್ದರು. ಆ ದಿನ ಶುರುವಾದದ್ದು ಬೇಗ ಗೊತ್ತಾಯಿತು. “ಹೆದರಿಕೆ” ಎಂದು ಮನಸ್ಸಿನಲ್ಲೇ ಹೆಸರು ಹೇಳಿ, ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಪಾದ ನೆಲಕ್ಕೆ ಊರಿ, ಮುಂದಿದ್ದವರ ಪಾಸ್‌ಬುಕ್ ತೆಗೆದುಕೊಂಡರು. ಡವಡವ ಕೂಡಲೇ ನಿಲ್ಲಲಿಲ್ಲ, ಐದಾರು ಜನ ಹೋಗುವ ತನಕ ಇತ್ತು. ಮಾತ್ರೆ ಆಗಲೂ ನಡೆಯುತ್ತಿತ್ತು, ನಿದ್ದೆ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ. ಹೆದರಿಕೆ ಬಂದರೂ ಕೌಂಟರಿನಲ್ಲಿ ಕೂತಿರಬಹುದು ಎಂಬುದು ಮಾತ್ರ ಗೊತ್ತಾಗಿತ್ತು.

ಮಾತ್ರೆಯ ಮಾತು ಬಂದದ್ದರಿಂದ ಒಂದು ಅಧ್ಯಯನವನ್ನು ಹೇಳಲೇಬೇಕು, ಏಕೆಂದರೆ ಅದನ್ನು ತಪ್ಪಾಗಿ ಹಂಚುತ್ತಿದ್ದಾರೆ. ಎಲಿಜಬೆತ್ ಹೋಜ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ್ದು. ಆತಂಕದ ಕಾಯಿಲೆ ಇದ್ದ 276 ವಯಸ್ಕರಲ್ಲಿ ಕೆಲವರಿಗೆ ಎಂಟು ವಾರದ ಮೈಂಡ್‌ಫುಲ್‌ನೆಸ್ ತರಬೇತಿ, ಮಿಕ್ಕವರಿಗೆ ಎಸಿಟಲೋಪ್ರಾಮ್ ಎಂಬ ಮಾತ್ರೆ. ಎಂಟು ವಾರದ ಕೊನೆಗೆ ತರಬೇತಿ ಮಾತ್ರೆಗಿಂತ ಕಡಿಮೆಯದೇನಾಗಿರಲಿಲ್ಲ. ಇದು ಸಂತೋಷದ ಸುದ್ದಿ. ಆದರೆ ಅವರು ಪಡೆದದ್ದು ವಾರಕ್ಕೆ ಎರಡೂವರೆ ಗಂಟೆಯ ತರಗತಿ, ದಿನಕ್ಕೆ 45 ನಿಮಿಷದ ಮನೆಯ ಅಭ್ಯಾಸ, ಪಳಗಿದ ಶಿಕ್ಷಕರು. ನನ್ನ ಮೂರು ನಿಮಿಷ ಅದಕ್ಕೆ ಸಮವಲ್ಲ. ಈ ಅಧ್ಯಯನ ತೋರಿಸಿ ಮಾತ್ರೆ ಬಿಟ್ಟವರನ್ನು ನೋಡಿದ್ದೇನೆ. ಎಸಿಟಲೋಪ್ರಾಮ್‌ನಂಥ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಬರಬಹುದು, ಅದನ್ನು ಕಾಯಿಲೆಯೇ ಮರಳಿತೆಂದು ತಿಳಿದು ಜನ ಇನ್ನೂ ಹೆದರುತ್ತಾರೆ. ಕಡಿಮೆ ಮಾಡುವುದಿದ್ದರೆ ವೈದ್ಯರು ಹೇಳಿದಂತೆ ಹಂತ ಹಂತವಾಗಿ.

ಹತ್ತು ದಿನದ ಮೌನ ಶಿಬಿರಕ್ಕೆ ಹೋಗಬಹುದೇ ಎಂದು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಗೋಯೆಂಕಾ ಅವರ ವಿಪಶ್ಯನ ಶಿಬಿರಗಳಿಗೆ ಹೋಗಿ ಬಹಳ ಉಪಯೋಗ ಪಡೆದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ದಿನಕ್ಕೆ ಹತ್ತು ಗಂಟೆಯಷ್ಟು ಅಭ್ಯಾಸ, ಮೊದಲ ಮೂರು ದಿನ ಉಸಿರೇ. ಮೂರು ನಿಮಿಷ ಉಸಿರಿನ ಜೊತೆ ಇರಲಾಗದವರು ಅಲ್ಲಿಂದ ಶುರು ಮಾಡುವುದು ಸರಿಯಲ್ಲ. ಅರ್ಜಿಯಲ್ಲಿ ಮಾನಸಿಕ ಕಾಯಿಲೆ, ಔಷಧಿಗಳ ಬಗ್ಗೆ ಕೇಳುತ್ತಾರೆ, ಮುಚ್ಚಿಡದೆ ಬರೆಯಬೇಕು.

ಇನ್ನು ಕೆಲವರಿಗೆ ಕೂತ ಕೂಡಲೇ ಹಳೆಯ ಅಪಘಾತವೋ ಹಿಂಸೆಯೋ ಕಣ್ಮುಂದೆ ನಡೆದಂತೆ ಬರುತ್ತದೆ. ಇನ್ನು ಕೆಲವರಿಗೆ ಸುತ್ತಲಿನದ್ದೆಲ್ಲ ನಿಜವಲ್ಲ, ತಾನು ತನ್ನಿಂದಲೇ ದೂರ ನಿಂತಿದ್ದೇನೆ ಅನಿಸುತ್ತದೆ. ಇವು ಅಲೆದಾಟವಲ್ಲ, ಹೆಸರಿಟ್ಟು ಕೂತಿರಬೇಕಾದವೂ ಅಲ್ಲ. ಅಭ್ಯಾಸ ನಿಲ್ಲಿಸಿ, ಎದ್ದು ನಿಂತು, ಕಣ್ಣಿಗೆ ಕಾಣುವ ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳುತ್ತಾ ನಡೆದಾಡಿ, ಮನೆಯವರ ಜೊತೆ ಮಾತನಾಡಿ. ಮತ್ತೆ ಬಂದರೆ ಒಬ್ಬರೇ ಕೂರಬೇಡಿ, ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ಕಾಣಿ. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು.